ಅಂಟಿಸಿದ ಕಾಲು, ಕಚ್ಚಿನಲ್ಲಿ ಕೂತ ಮೆಟ್ಟಿಲು: 3 ಮೀಟರ್ ಮರದ ಏಣಿ ಮಾಡಿ, ಭಾರ ಹಾಕಿ ನೋಡುವ ಬಗೆ

ನಾನು ಮೊದಲ ಸಲ ಮಾಡಿದ ಏಣಿ ನೋಡಲು ಚೆನ್ನಾಗಿಯೇ ಇತ್ತು. ಎರಡು ಕಾಲು, ಹತ್ತು ಮೆಟ್ಟಿಲು. ಪ್ರತಿ ಮೆಟ್ಟಿಲಿನ ತುದಿಯನ್ನೂ ಕಾಲಿನ ಕಚ್ಚಿಗೆ ಕೂರಿಸಿ, ಧಾರಾಳವಾಗಿ ಅಂಟು ಸುರಿದಿದ್ದೆ. ಒಂದು ಬೇಸಿಗೆ ಕಳೆದ ಮೇಲೆ ಏಣಿ ಎತ್ತಿದಾಗ ಏನೋ ಕಟಕಟ ಅಂತ ಸದ್ದು. ನಾಲ್ಕನೇ ಮೆಟ್ಟಿಲನ್ನು ಹಿಡಿದು ಅಲ್ಲಾಡಿಸಿದೆ, ಕೈಗೇ ಬಂತು. ಮೆಟ್ಟಿಲಿನ ತುದಿಯಲ್ಲಿ ಅಂಟು ಗಾಜಿನ ಹಾಗೆ ನುಣ್ಣಗೆ ಕೂತಿತ್ತು. ಅದಕ್ಕೆ ಮರದ ಒಂದು ಎಳೆಯೂ ಹತ್ತಿರಲಿಲ್ಲ.

ತಪ್ಪು ಅಂಟಿನದಲ್ಲ, ನನ್ನದು. ಮರದ ಎಳೆಗಳು ಉದ್ದುದ್ದವಾಗಿ ಒಂದರ ಪಕ್ಕ ಒಂದು ಮಲಗಿದ ಕಡೆ ಅಂಟು ಮರಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ. ಎಳೆ ಕತ್ತರಿಸಿದ ತುದಿಗೆ ಹಚ್ಚಿದರೆ, ಹೀರುಕೊಳವೆಗಳ ಕಟ್ಟಿನ ಬಾಯಿಗೆ ಹಚ್ಚಿದ ಹಾಗೆ ಒಳಗೆ ಹೀರಿಕೊಂಡು ಹೋಗುತ್ತದೆ. ಕಚ್ಚಿನಲ್ಲಿ ಕೂತ ಮೆಟ್ಟಿಲಿನ ಯಾವ ಮುಖ ನೋಡಿದರೂ ಇದೇ ಕಥೆ. ಮೆಟ್ಟಿಲಿನ ತುದಿ ಕಡಿದ ಎಳೆ. ಅದರ ಮೇಲೆ, ಕೆಳಗೆ ತಾಗುವ ಕಚ್ಚಿನ ಗೋಡೆಗಳು ಕಾಲಿನ ಕಡಿದ ಎಳೆ. ಹಾಗಾಗಿ ಅಲ್ಲಿ ಅಂಟನ್ನು ನಂಬುವ ಹಾಗಿಲ್ಲ. ಮೆಟ್ಟಿಲು ಭಾರ ಹೊರುವುದು ಕಚ್ಚಿನ ಅಂಚಿನ ಮೇಲೆ ಕೂತಿರುವುದರಿಂದ. ಅಂಟಿನ ನಿಜವಾದ ಕೆಲಸ ಇರುವುದು ಕಾಲಿನಲ್ಲಿ, ಎರಡು ಹಲಗೆಗಳನ್ನು ಒಂದು ಮಾಡುವ ಕಡೆ. ಈ ಏಣಿಯ ಅಳತೆಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಇಲ್ಲಿ ಹೇಳುವುದು ಗೋಡೆಗೆ ಒರಗಿಸುವ ಏಣಿ. ಉದ್ದ 3 ಮೀಟರ್. ಕಾಲುಗಳು 40 ಮಿಮೀ ದಪ್ಪ, 70 ಮಿಮೀ ಅಗಲ. ಹತ್ತು ಮೆಟ್ಟಿಲು, ಒಂದೊಂದೂ 30 ಮಿಮೀ ದಪ್ಪ, 50 ಮಿಮೀ ಅಗಲ. ಮೆಟ್ಟಿಲಿಂದ ಮೆಟ್ಟಿಲಿಗೆ 280 ಮಿಮೀ. ಕಾಲುಗಳ ನಡುವೆ 350 ಮಿಮೀ ಜಾಗ. ಮೇಲಕ್ಕೆ ಹೋದಂತೆ ಕಿರಿದಾಗುವ ಏಣಿ ನೋಡಲು ಚಂದ, ಆದರೆ ಪ್ರತಿ ಮೆಟ್ಟಿಲೂ ಬೇರೆ ಅಳತೆ, ಪ್ರತಿ ಕಚ್ಚೂ ಸ್ವಲ್ಪ ಓರೆ. ಮೊದಲ ಏಣಿಗೆ ಆ ಗೋಜು ಬೇಡ.

ಮರ ಆರಿಸುವುದು

ಕಾಲಿಗೆ ಪೈನ್ ಅಥವಾ ತೇಗ, ಯಾವುದಾದರೂ ಎಳೆ ನೇರ ಇರುವ, ಚೆನ್ನಾಗಿ ಒಣಗಿದ ಮರ ಆಗುತ್ತದೆ. ಮೆಟ್ಟಿಲಿಗೆ ಗಟ್ಟಿ ಮರವೇ ಬೇಕು: ತೇಗ, ಆಶ್, ಬೀಚ್ ಇಂಥದ್ದು. ಮೆದು ಮರದ ಮೆಟ್ಟಿಲು ಮುರಿಯದಿದ್ದರೂ ಕಚ್ಚಿನ ಅಂಚಿಗೆ ಒತ್ತಿ ಒತ್ತಿ ನಜ್ಜುಗುಜ್ಜಾಗಿ ಸಡಿಲವಾಗುತ್ತದೆ.

ಎಳೆ ನೇರ ಇದೆಯಾ ಅಂತ ನೋಡಲು ಹಲಗೆಯ ಮೇಲಿನ ಗೆರೆಗಳನ್ನು ಮಾತ್ರ ನಂಬಬೇಡಿ. ಅವು ವರ್ಷದ ಬಳೆಗಳ ಗೆರೆ, ಎಳೆ ಬೇರೆ ಕಡೆ ಓಡುತ್ತಿರಬಹುದು. ಒಂದು ದಪ್ಪ ಸೂಜಿಯನ್ನು ಮರಕ್ಕೆ ಸ್ವಲ್ಪ ಒತ್ತಿ, ಸಡಿಲ ಕೈಯಲ್ಲಿ ಉದ್ದಕ್ಕೆ ಎಳೆಯಿರಿ. ಸೂಜಿ ತಾನಾಗಿ ಎಳೆಯ ಜಾಡು ಹಿಡಿದು ಹೋಗುತ್ತದೆ. 300 ಮಿಮೀ ಎಳೆಯುವಷ್ಟರಲ್ಲಿ ಅದು ಹಲಗೆಯ ಅಂಚಿನ ಕಡೆಗೆ 25 ಮಿಮೀಗಿಂತ ಜಾಸ್ತಿ ಸರಿದರೆ ಆ ಹಲಗೆ ಏಣಿಗಲ್ಲ, ಬೇರೆ ಕೆಲಸಕ್ಕೆ ಇಡಿ. ಓರೆ ಎಳೆಯ ಮರ ಬಾಗಿ ಎಚ್ಚರಿಸುವುದಿಲ್ಲ, ಪಟ್ ಅಂತ ಸೀಳಿಕೊಂಡು ಹೋಗುತ್ತದೆ. ಮೆಟ್ಟಿಲಿನಲ್ಲಿ ಒಂದು ಗಂಟೂ ಇರಬಾರದು. ಕಾಲಿನ ನಡುಭಾಗದಲ್ಲಿ ಕಡಲೆ ಗಾತ್ರದ ಗಟ್ಟಿ ಗಂಟು ಒಂದೆರಡು ಇದ್ದರೆ ಪರವಾಗಿಲ್ಲ. ಅಂಚಿನಲ್ಲಿ ಮಾತ್ರ ಬೇಡವೇ ಬೇಡ.

ಕಾಲಿಗೆ ಬೇಕಾದದ್ದು ಎರಡು ಹಲಗೆ. ಒಂದೊಂದೂ 3200 ಮಿಮೀ ಉದ್ದ, 160 ಮಿಮೀ ಅಗಲ, ಹತ್ತರಿ ಹೊಡೆದ ಮೇಲೆ 20 ಮಿಮೀ ದಪ್ಪ ಉಳಿಯುವಂಥದ್ದು. 200 ಮಿಮೀ ಯಾಕೆ ಜಾಸ್ತಿ ಅಂದರೆ, ಆ ತುಂಡೇ ಮುಂದೆ ಅಂಟಿನ ಪರೀಕ್ಷೆಗೆ ಬೇಕಾಗುತ್ತದೆ.

ಕಾಲು ಅಂಟಿಸುವುದು

ಎರಡು ಹಲಗೆಗಳಿಗೆ ಅ, ಬ ಅಂತ ಹೆಸರಿಡಿ. ಎರಡನ್ನೂ ಉದ್ದಕ್ಕೆ ನಡುವೆ ಸೀಳಿ. ಈಗ ಅ-1, ಅ-2, ಬ-1, ಬ-2 ಎಂಬ ನಾಲ್ಕು ಪಟ್ಟಿಗಳಾದವು. ಎಡಗಾಲಿಗೆ ಅ-1 ಮತ್ತು ಬ-1, ಬಲಗಾಲಿಗೆ ಅ-2 ಮತ್ತು ಬ-2. ಹೀಗೆ ಮಾಡಿದರೆ ಎರಡೂ ಕಾಲಿನಲ್ಲಿ ಎರಡೂ ಹಲಗೆಯ ಅರ್ಧರ್ಧ ಇರುತ್ತದೆ, ಎರಡೂ ಒಂದೇ ಥರ ಬಾಗುತ್ತವೆ. ಬ ಪಟ್ಟಿಗಳನ್ನು ತಲೆಕೆಳಗು ಮಾಡಿ ಜೋಡಿಸಿ. ಆಗ ಅಲ್ಲೊಂದು ಇಲ್ಲೊಂದು ಗಂಟಿದ್ದರೂ ಎರಡು ಗಂಟು ಒಂದರ ಬೆನ್ನಿಗೊಂದು ಬರುವುದಿಲ್ಲ. ಬಂದರೆ ಪಟ್ಟಿಯನ್ನು ಉದ್ದಕ್ಕೆ ಸ್ವಲ್ಪ ಸರಿಸಿ.

ಇಲ್ಲಿ ಒಂದು ವಿಷಯ ಸರಿಯಾಗಿ ಹಿಡಿದುಕೊಳ್ಳಬೇಕು. ಪಟ್ಟಿಗಳು ಪುಸ್ತಕದ ಕಪಾಟಿನಲ್ಲಿ ಪುಸ್ತಕ ನಿಂತ ಹಾಗೆ ಪಕ್ಕಪಕ್ಕದಲ್ಲಿ ಇರಬೇಕು: ಒಂದು ಏಣಿಯ ಒಳಮುಖ, ಇನ್ನೊಂದು ಹೊರಮುಖ. ಹತ್ತುವವರ ಕಡೆ ಒಂದು, ಗೋಡೆ ಕಡೆ ಒಂದು ಅಂತ ಜೋಡಿಸಬಾರದು. ಹಾಗೆ ಜೋಡಿಸಿದರೆ ಏಣಿ ಬಾಗಿದಾಗಲೆಲ್ಲ ಎರಡು ಪಟ್ಟಿ ಒಂದರ ಮೇಲೊಂದು ಜಾರಲು ನೋಡುತ್ತವೆ, ಆ ಜಾರುವಿಕೆಯನ್ನೆಲ್ಲ ತಡೆಯಬೇಕಾದ್ದು ಅಂಟು ಒಂದೇ. ಅಂಟು ಬಿಟ್ಟರೆ ಕಾಲಿನ ಬಿಗುವು ಒಂದೇ ಸಲ ಕಾಲುಭಾಗಕ್ಕೆ ಇಳಿಯುತ್ತದೆ. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಎರಡೂ ಪಟ್ಟಿ ತಮ್ಮ ಪಾಡಿಗೆ ತಾವು ಬಾಗುತ್ತವೆ. ಅಂಟಿಗೆ ಉಳಿಯುವುದು ಮೆಟ್ಟಿಲಿನ ಭಾರವನ್ನು ಒಳಪಟ್ಟಿಯಿಂದ ಹೊರಪಟ್ಟಿಗೆ ದಾಟಿಸುವುದು, ತಿರುಚದಂತೆ ಹಿಡಿಯುವುದು, ಇಷ್ಟೇ.

ಸಾಮಾನ್ಯ ಬಿಳಿ ಅಂಟು ಒಳಗಿನ ಕಪಾಟಿಗೆ ಸರಿ, ಏಣಿಗೆ ಬೇಡ. ನೀರು ಬಿದ್ದರೆ, ಬಿಸಿಲಲ್ಲಿ ಕಾದರೆ ಮೆತ್ತಗಾಗುತ್ತದೆ. ನೀರು ತಡೆಯುವ ಪಾಲಿಯುರೆಥೇನ್ ಅಂಟು ತೆಗೆದುಕೊಳ್ಳಿ. ಅಂಟಿಸುವ ದಿನವೇ ಮುಖಗಳಿಗೆ ಕೊನೆಯ ಸಲ ಹತ್ತರಿ ಹೊಡೆಯಿರಿ. ವಾರಗಟ್ಟಲೆ ಹಾಗೇ ಬಿದ್ದಿದ್ದ ಮುಖಕ್ಕೆ ಅಂಟು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ತೇಗವಾದರೆ ಅದರ ಎಣ್ಣೆ ತೆಗೆಯಲು ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಆರಿದ ಕೂಡಲೇ ಅಂಟು ಹಚ್ಚಿ. ಎರಡು ಪಟ್ಟಿಗಳ ನಡುವೆ ಬೆಳಕು ತೂರಿ ಬರಬಾರದು. ಈ ಅಂಟು ಒಣಗುವಾಗ ನೊರೆಯಾಗಿ ಉಬ್ಬುತ್ತದೆ. ಅದನ್ನು ನೋಡಿ ಸಂದು ತುಂಬಿತು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ನೊರೆಗೆ ಬಲವೇ ಇಲ್ಲ.

ಒಂದು ಕಾಲಿಗೆ 40 ಗ್ರಾಂ ಆಸುಪಾಸು ಅಂಟು ಸಾಕು. ಒಂದು ಮುಖಕ್ಕೆ ಸುರಿದು ಹಳೆಯ ಗರಗಸದ ತುಂಡಿನ ಹಲ್ಲಿಂದ ಸಮನಾಗಿ ಹರಡಿ. ಆಮೇಲೆ ಪ್ರತಿ 200 ಮಿಮೀಗೆ ಒಂದು ಕ್ಲಾಂಪ್, ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಬಿಗಿಯುತ್ತ ಹೋಗಿ. ಕ್ಲಾಂಪಿನ ಬಾಯಿಗೆ ಮರದ ತುಂಡು ಕೊಡಿ. ಸಂದಿನುದ್ದಕ್ಕೂ ಎರಡೂ ಕಡೆ ಸಣ್ಣ ಸಣ್ಣ ಅಂಟಿನ ಮಣಿ ಕಾಣಬೇಕು. ಎಲ್ಲಾದರೂ ಒಂದು ಗೇಣು ಉದ್ದ ಮಣಿಯೇ ಇಲ್ಲ ಅಂದರೆ ಅಲ್ಲಿ ಅಂಟು ಸಾಲದು, ತೆಗೆದು ಮತ್ತೆ ಹಚ್ಚಲು ಆಗಲೇ ಸಮಯ. ಕಾಲನ್ನು ನೇರವಾದ ಮೇಜಿನ ಮೇಲೆ ಅಥವಾ ಕಬ್ಬಿಣದ ಪೈಪಿಗೆ ಒತ್ತಿ ಕ್ಲಾಂಪ್ ಮಾಡಿ. ಮೇಜು ಸೊಟ್ಟ ಇದ್ದರೆ ಕಾಲೂ ಸೊಟ್ಟಗೇ ಅಂಟಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ನೇರ ಆಗುವುದಿಲ್ಲ. ರಾತ್ರಿಯಿಡೀ ಬಿಡಿ.

ಮರುದಿನ 70 ಮಿಮೀ ಅಗಲಕ್ಕೆ ಹತ್ತರಿ ಹೊಡೆದು, ಪ್ರತಿ ಕಾಲಿನ ತುದಿಯಿಂದ 150 ಮಿಮೀ ತುಂಡು ಕತ್ತರಿಸಿ. ಇದು ನಿಮ್ಮ ಅಂಟಿನ ಸಾಕ್ಷಿ. ತುಂಡನ್ನು ನಿಲ್ಲಿಸಿ, ಅಂಟಿನ ಗೆರೆಯ ಮೇಲೇ ಅಗಲ ಉಳಿ ಇಟ್ಟು ಕೊಡತಿಯಿಂದ ಒಂದು ಪೆಟ್ಟು ಕೊಡಿ. ಸೀಳಿದ ಎರಡು ಮುಖಗಳನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಅಂಟಾದರೆ ಸೀಳು ಗೆರೆ ಬಿಟ್ಟು ಮರದೊಳಗೆ ಹೋಗಿರುತ್ತದೆ, ಎರಡೂ ಮುಖಕ್ಕೆ ಮರದ ಸಿಬಿರು ಹತ್ತಿಕೊಂಡಿರುತ್ತದೆ. ಕೈಯಾಡಿಸಿದರೆ ಒರಟು. ಕೆಟ್ಟ ಅಂಟಾದರೆ ಹೊಳೆಯುವ ನುಣ್ಣನೆಯ ಮುಖ. ಮುಖದ ಬಹುಪಾಲು ಒರಟಾಗಿಯೇ ಇರಬೇಕು. ಎರಡನೇ ತುಂಡನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಬಿಸಿಲಲ್ಲಿ ಒಣಗಿಸಿ, ಗೆರೆ ಬಾಯಿ ಬಿಟ್ಟಿದೆಯಾ ನೋಡಿ. ಇವೆರಡರಲ್ಲಿ ಒಂದು ಕೈಕೊಟ್ಟರೂ ಆ ಕಾಲನ್ನು ಬಿಟ್ಟು ಹೊಸದಾಗಿ ಶುರುಮಾಡಬೇಕು. ಇನ್ನೂ ಕಚ್ಚು ಕೊರೆದಿಲ್ಲವಲ್ಲ, ನಷ್ಟ ಕಡಿಮೆ.

ಕಚ್ಚು ಎಲ್ಲಿ ಕೊರೆಯಬೇಕು, ಎಲ್ಲಿ ಕೊರೆಯಬಾರದು

ಏಣಿ ಗೋಡೆಗೆ ಒರಗಿದೆ, ನೀವು ಅದರ ನಡುವೆ ನಿಂತಿದ್ದೀರಿ ಅಂದುಕೊಳ್ಳಿ. ಏಣಿ ಗೋಡೆ ಕಡೆಗೆ ಹೊಟ್ಟೆ ಬಿಡುತ್ತದೆ. ಅಂದರೆ ಗೋಡೆ ಕಡೆಯ ಅಂಚಿನಲ್ಲಿ ಎಳೆಗಳು ಜಗ್ಗುತ್ತವೆ, ನಿಮ್ಮ ಕಡೆಯ ಅಂಚಿನಲ್ಲಿ ಒತ್ತಿಕೊಳ್ಳುತ್ತವೆ. ಮರದ ಏಣಿ ಮುರಿಯುವುದು ಸಾಮಾನ್ಯವಾಗಿ ಜಗ್ಗುವ ಕಡೆಯಿಂದಲೇ. ಆ ಕಡೆ ಒಂದು ಗಂಟೋ ಕಚ್ಚೋ ಇದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಅದಕ್ಕೇ ಕಚ್ಚನ್ನು ಈ ಅಂಚಿಂದ ಆ ಅಂಚಿಗೆ ಪೂರ್ತಿ ಹಾಯಿಸಬೇಡಿ. ಹತ್ತುವವರ ಕಡೆಯ ಅಂಚಿನಿಂದ ಶುರುಮಾಡಿ 50 ಮಿಮೀ ಬಂದು ನಿಲ್ಲಿಸಿ. ಗೋಡೆ ಕಡೆಯ 20 ಮಿಮೀ ಮರಕ್ಕೆ ಉಳಿ ತಾಗಲೇಬಾರದು. ಆ 20 ಮಿಮೀ ಎಳೆಗಳು ಬುಡದಿಂದ ತುದಿವರೆಗೆ ಎಲ್ಲೂ ಕಡಿಯದೆ ಓಡುತ್ತವೆ. ಕಚ್ಚಿನ ಆಳ 12 ಮಿಮೀ. ಒಳಪಟ್ಟಿ 20 ಮಿಮೀ ಇರುವುದರಿಂದ ಕಚ್ಚಿನ ಹಿಂದೆ ಇನ್ನೂ 8 ಮಿಮೀ ಉಳಿದು, ಅಂಟಿನ ಗೆರೆ ಬಯಲಾಗುವುದಿಲ್ಲ.

ಹೀಗೆ ಮಾಡುವುದರಿಂದ ಇನ್ನೊಂದು ಲಾಭ ಪುಕ್ಕಟೆ ಸಿಗುತ್ತದೆ. ಏಣಿ 75 ಡಿಗ್ರಿಯಲ್ಲಿ ಒರಗಿದಾಗ ನಿಮ್ಮ ಭಾರದ ಸುಮಾರು ಕಾಲುಭಾಗ ಮೆಟ್ಟಿಲನ್ನು ಗೋಡೆ ಕಡೆಗೆ ತಳ್ಳುತ್ತದೆ. ಕಚ್ಚು ಆ ಕಡೆಗೆ ಮುಚ್ಚಿದೆ. ಹಾಗಾಗಿ ಪ್ರತಿ ಹೆಜ್ಜೆಗೂ ಮೆಟ್ಟಿಲು ತನ್ನ ಗೂಡಿಗೆ ಇನ್ನಷ್ಟು ಒತ್ತಿಕೊಂಡು ಕೂರುತ್ತದೆ. ಏಣಿಯನ್ನು ತಿರುಗಿಸಿ, ಮುಚ್ಚಿದ ಕಡೆ ನಿಮ್ಮತ್ತ ಬರುವ ಹಾಗೆ ಇಟ್ಟರೆ ಇದೆಲ್ಲ ಉಲ್ಟಾ. ಆಗ ಮೆಟ್ಟಿಲು ಹೊರಗೆ ಜಾರಲು ನೋಡುತ್ತದೆ. ಕೆಲಸ ಮುಗಿದ ಮೇಲೆ ಹತ್ತುವ ಮುಖಕ್ಕೆ ಒಂದು ಗುರುತು ಸುಟ್ಟು ಹಾಕಿ.

ಗುರುತು ಮಾಡುವಾಗ ಎರಡೂ ಕಾಲುಗಳನ್ನು ಒಳಮುಖ ಮೇಲೆ ಬರುವಂತೆ, ಗೋಡೆ ಕಡೆಯ ಅಂಚುಗಳು ಒಂದಕ್ಕೊಂದು ತಾಗುವಂತೆ ಪಕ್ಕಪಕ್ಕ ಮಲಗಿಸಿ, ಬಿಗಿಯಿರಿ. ಬಿಡಿಸಿದ ಪುಸ್ತಕದ ಹಾಗೆ ಕಾಣುತ್ತದೆ. ಬುಡದಿಂದ 280, 560, 840 ಹೀಗೆ 2800 ಮಿಮೀವರೆಗೆ ಗುರುತು ಹಾಕಿ. ಪ್ರತಿ ಸಲವೂ ಟೇಪನ್ನು ಬುಡದಿಂದಲೇ ಹಿಡಿಯಿರಿ. ಮೆಟ್ಟಿಲಿಂದ ಮೆಟ್ಟಿಲಿಗೆ ಅಳೆಯುತ್ತ ಹೋದರೆ ಹತ್ತು ಸಣ್ಣ ತಪ್ಪು ಸೇರಿ ಒಂದು ದೊಡ್ಡ ತಪ್ಪಾಗುತ್ತದೆ. ಮೂಲೆಮಟ್ಟ ಇಟ್ಟು ಎರಡೂ ಕಾಲಿನ ಮೇಲೆ ಒಂದೇ ಗೆರೆ ಎಳೆಯಿರಿ. ನಡುವಿನ ಸಂದಿನಿಂದ ಎರಡೂ ಕಡೆ 20 ಮಿಮೀ ಬಿಟ್ಟು ಉದ್ದ ಗೆರೆ ಹಾಕಿ, ಅದರೊಳಗೆ ಢಾಳಾಗಿ ಅಡ್ಡ ಗೀಚಿ. ಒಮ್ಮೆ ನಾನು ಈ ಗೀಚುವ ಕೆಲಸ ಬಿಟ್ಟು, ಎರಡು ಎಡಗಾಲು ಮಾಡಿ ಕೂತಿದ್ದೆ.

ಕಚ್ಚಿನ ಅಗಲಕ್ಕೆ 30 ಮಿಮೀ ಅಂತ ಸ್ಕೇಲಿನಲ್ಲಿ ಅಳೆಯಬೇಡಿ. ಅಲ್ಲಿ ಕೂರಬೇಕಾದ ಮೆಟ್ಟಿಲನ್ನೇ ತಂದು ಇಟ್ಟು, ಚೂಪು ಚಾಕುವಿನಿಂದ ಎರಡೂ ಪಕ್ಕ ಗೆರೆ ಕೊಯ್ಯಿರಿ, ಮೆಟ್ಟಿಲಿಗೂ ಕಚ್ಚಿಗೂ ಒಂದೇ ನಂಬರ್ ಹಾಕಿ. ಮೆಟ್ಟಿಲಿನ ಉದ್ದ 374 ಮಿಮೀ: 350 ಜಾಗ, ಎರಡು ತುದಿಗೆ ತಲಾ 12 ಮಿಮೀ. ಹತ್ತೂ ಮೆಟ್ಟಿಲನ್ನು ಒಂದೇ ತಡೆ ಇಟ್ಟು ಕತ್ತರಿಸಿ. ಜೊತೆಗೆ ಒಂದು ಹೆಚ್ಚಿಗೆ ಇರಲಿ, ಅದನ್ನು ಆಮೇಲೆ ಹಿಂಸಿಸೋಣ.

ಕೈಯಲ್ಲೇ ಕೊರೆಯುವವರು ಮೊದಲು ಕಚ್ಚಿನ ಮುಚ್ಚಿದ ತುದಿಯಲ್ಲಿ ಅಗಲ ಡ್ರಿಲ್ ಬಿಟ್ಟಿನಿಂದ 12 ಮಿಮೀ ಆಳದ ಒಂದು ಗುಂಡಿ ತೆಗೆಯಿರಿ. ಆಗ ಗರಗಸದ ಮೂತಿಗೆ ಓಡಾಡಲು ಜಾಗ ಸಿಗುತ್ತದೆ. ಚಾಕುವಿನ ಗೆರೆಯ ಒಳಮೈಗೆ ಎರಡು ಸೀಳು ಕೊಯ್ದು, ನಡುವಿನ ಮರವನ್ನು ಉಳಿಯಿಂದ ಎಬ್ಬಿಸಿ. ರೌಟರ್ ಇದ್ದರೆ ಎರಡು ಪಟ್ಟಿ ಕಟ್ಟಿಕೊಂಡು ಮೂರು ಸಲದಲ್ಲಿ ಆಳಕ್ಕೆ ಇಳಿಸಿ, ಮೂಲೆಗಳನ್ನು ಉಳಿಯಿಂದ ಚೌಕ ಮಾಡಿ. ತಳ ಸಮ ಇದೆಯಾ ಅಂತ ನೋಡಲು, ಒಂದು ತುಂಡು ಹಲಗೆಗೆ ಸ್ಕ್ರೂ ಹಾಕಿ ಅದರ ತಲೆ 12 ಮಿಮೀ ಹೊರಗೆ ಇರುವಂತೆ ಮಾಡಿಕೊಳ್ಳಿ. ಹಲಗೆಯನ್ನು ಕಾಲಿನ ಮೇಲೆ ಜಾರಿಸಿದರೆ, ತಳ ಉಬ್ಬಿದ ಕಡೆ ಸ್ಕ್ರೂ ಗೀರುತ್ತದೆ.

ಮೆಟ್ಟಿಲು ಕೂರುವ ಬಿಗಿ ಹೀಗಿರಬೇಕು: ಅಂಗೈಯಿಂದ ಒತ್ತಿದರೆ ಅರ್ಧ ಇಳಿಯಬೇಕು, ಉಳಿದದ್ದು ಕೊಡತಿಯ ಎರಡು ಮೆಲು ಪೆಟ್ಟಿಗೆ. ಕಾಲನ್ನು ತಲೆಕೆಳಗು ಮಾಡಿದರೆ ಮೆಟ್ಟಿಲು ತಾನಾಗಿ ಬೀಳಬಾರದು. ಬಿದ್ದರೆ ಸಡಿಲ. ಆಗ ಚಕ್ಕೆ ತುರುಕಿ ಮುಚ್ಚಿಹಾಕುವ ಬದಲು ಸ್ವಲ್ಪ ದಪ್ಪದ ಹೊಸ ಮೆಟ್ಟಿಲು ಮಾಡುವುದೇ ಸುಲಭ. ಕೊಡತಿಯಿಂದ ಜೋರಾಗಿ ಬಡಿಯಬೇಕಾಗಿ ಬಂದರೆ ಜಾಸ್ತಿ ಬಿಗಿ. ಮಳೆಗಾಲದಲ್ಲಿ ಮೆಟ್ಟಿಲು ಉಬ್ಬಿ ಕಚ್ಚಿನ ಮೂಲೆಯಲ್ಲಿ ಸೀಳು ಬಿಡಿಸುತ್ತದೆ.

ಜೋಡಿಸುವುದು

ಮೆಟ್ಟಿಲುಗಳ ಚೂಪು ಅಂಚುಗಳನ್ನು ಹತ್ತರಿಯಿಂದ 3 ಮಿಮೀ ಉರುಟು ಮಾಡಿ, ಕಚ್ಚಿನೊಳಗೆ ಹೋಗುವ ತುದಿಯನ್ನು ಮಾತ್ರ ಮುಟ್ಟಬೇಡಿ. ಏಣಿ ಒರಗಿದಾಗ ಮೆಟ್ಟಿಲು ಗೋಡೆ ಕಡೆಗೆ ಸ್ವಲ್ಪ ವಾಲುತ್ತದೆ, ಪಾದ ಮುಂದಿನ ಅಂಚಿನ ಮೇಲೆ ನಿಲ್ಲುತ್ತದೆ. 50 ಮಿಮೀ ಅಗಲಕ್ಕೆ ಇದು ತೊಂದರೆಯಲ್ಲ. 80 ಮಿಮೀಗಿಂತ ಅಗಲದ ಹಲಗೆ ಮೆಟ್ಟಿಲಾದರೆ ಮಾತ್ರ ಕಚ್ಚನ್ನು ಓರೆಯಾಗಿ ಕೊರೆದು ಮಟ್ಟಕ್ಕೆ ತರಬೇಕು.

ಒಂದು ಕಾಲನ್ನು ಕಚ್ಚು ಮೇಲೆ ಮಾಡಿ ನೆಲದಲ್ಲಿ ಮಲಗಿಸಿ, ಹತ್ತೂ ಮೆಟ್ಟಿಲು ನಿಲ್ಲಿಸಿ, ಮೇಲಿಂದ ಇನ್ನೊಂದು ಕಾಲು ಕೂರಿಸಿ. ಕಚ್ಚಿಗೆ ಅಂಟು ಹಾಕುವುದು ನೀರು ಒಳಗೆ ಹೋಗದಿರಲಿ ಅಂತ, ತೆಳುವಾಗಿ ಸವರಿದರೆ ಸಾಕು. ಏಣಿಯನ್ನು ಮಲಗಿಸಿ ಎರಡು ಮೂಲೆಗೆರೆ ಅಳೆಯಿರಿ. ಎರಡೂ 3031 ಮಿಮೀ ಹತ್ತಿರ ಬರಬೇಕು, ನಡುವಿನ ವ್ಯತ್ಯಾಸ 3 ಮಿಮೀ ಮೀರಬಾರದು.

ಈಗ ಉಳಿದದ್ದು ಕಾಲುಗಳು ಪಕ್ಕಕ್ಕೆ ಅಗಲಿ ಮೆಟ್ಟಿಲು ಕಳಚದಂತೆ ತಡೆಯುವುದು. ಕಚ್ಚು ಭಾರ ಹೊರುತ್ತದೆ, ಆದರೆ ಪಕ್ಕಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಪ್ರತಿ ತುದಿಗೂ ಹೊರಗಿಂದ ಒಂದು 5×90 ಮಿಮೀ ತುಕ್ಕು ಹಿಡಿಯದ ಸ್ಕ್ರೂ ಹಾಕಿ, ಮೊದಲೇ 3.5 ಮಿಮೀ ತೂತು ಕೊರೆದು. ಆದರೆ ಈ ಸ್ಕ್ರೂ ಕೂಡ ಕಡಿದ ಎಳೆಗೇ ಹೋಗುವುದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ. ನಿಜವಾಗಿ ಹಿಡಿಯುವುದು ಅಡ್ಡಸರಳು. 2, 6 ಮತ್ತು 9ನೇ ಮೆಟ್ಟಿಲಿನ ಕೆಳಗೆ ಒಂದೊಂದು 8 ಮಿಮೀ ಥ್ರೆಡ್ ರಾಡನ್ನು ಎರಡೂ ಕಾಲಿನ ಮೂಲಕ ಹಾಯಿಸಿ, ಅಗಲ ವಾಷರ್ ಕೊಟ್ಟು ನಟ್ಟು ಹಾಕಿ. ತೂತು ಕಾಲಿನ 70 ಮಿಮೀ ಅಗಲದ ನಟ್ಟನಡುವೆ ಇರಲಿ. ಬಾಗುವಾಗ ನಡುವಿನ ಎಳೆಗಳು ಜಗ್ಗುವುದೂ ಇಲ್ಲ, ಒತ್ತಿಕೊಳ್ಳುವುದೂ ಇಲ್ಲ. ಅಲ್ಲಿ ತೂತು ಕೊರೆದರೆ ನಷ್ಟ ತೀರಾ ಕಡಿಮೆ. ವಾಷರ್ ಮರಕ್ಕೆ ಒತ್ತಿಕೊಳ್ಳಲು ಶುರುವಾದ ಕೂಡಲೇ ನಟ್ಟು ನಿಲ್ಲಿಸಿ.

ಬುಡವನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿ, ಒರಗಿಸಿದಾಗ ಪೂರ್ತಿ ತಳ ನೆಲಕ್ಕೆ ತಾಗುವ ಹಾಗೆ. ಅದಕ್ಕೆ ಹಳೆ ಟೈರಿನ ತುಂಡು ಸ್ಕ್ರೂ ಮಾಡಿ, ಸ್ಕ್ರೂ ತಲೆ ರಬ್ಬರಿನೊಳಗೆ ಹುದುಗಿರಲಿ. ಕೊನೆಗೆ ಬೇಯಿಸಿದ ಅಗಸೆ ಎಣ್ಣೆ ಎರಡು ಕೋಟು. ಎಣ್ಣೆಬಟ್ಟೆಯನ್ನು ಮುದುಡಿ ಬಿಸಾಡಬೇಡಿ, ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ. ಬಣ್ಣ ಮಾತ್ರ ಬಳಿಯಬೇಡಿ. ಬಣ್ಣದ ಕೆಳಗೆ ಬಿರುಕು ಬಂದರೆ ಕಾಣುವುದೇ ಇಲ್ಲ.

ಭಾರ ಹಾಕಿ ನೋಡುವುದು

ಏಣಿಯ ಮೇಲೆ ನಿಂತು ಕುಣಿದು ನೋಡುವುದು ಪರೀಕ್ಷೆಯಲ್ಲ. ಮುರಿದರೆ ನೀವೂ ಬೀಳುತ್ತೀರಿ, ಮುರಿಯದಿದ್ದರೆ ಏನೂ ತಿಳಿದಂತಾಗುವುದಿಲ್ಲ. ಅಳೆಯಬೇಕು.

ಮೊದಲು ಹೆಚ್ಚಿಗೆ ಮಾಡಿದ ಮೆಟ್ಟಿಲು. ಕಾಲು ಮಾಡಿ ಮಿಕ್ಕ ಮರದ ಎರಡು ತುಂಡಿಗೆ ಅದೇ ಅಳತೆಯ ಕಚ್ಚು ಕೊರೆದು, ನಡುವೆ ಮೆಟ್ಟಿಲು ಕೂರಿಸಿ, ಆ ತುಂಡುಗಳನ್ನು ಗಟ್ಟಿಯಾಗಿ ನಿಲ್ಲಿಸಿ. ಮೆಟ್ಟಿಲಿನ ನಡುವಿಗೆ ಅಗಲ ಪಟ್ಟಿ ಹಾಕಿ ಕೆಳಗೆ 150 ಕೆಜಿ ತೂಗುಹಾಕಿ. ಯುರೋಪಿನ ಇಎನ್ 131 ಏಣಿ ನಿಯಮದಲ್ಲಿ ಏಣಿ ಹೊರಬೇಕಾದ ಗರಿಷ್ಠ ಭಾರ ಅಷ್ಟು. ಒಂದು ನಿಮಿಷ ಬಿಟ್ಟು, ತೆಗೆದು ನೋಡಿ. ಬಿರುಕು ಇರಬಾರದು, ಕಚ್ಚಿನ ಅಂಚು ಕೂತ ಕಡೆ ಮೆಟ್ಟಿಲಿನ ಹೊಟ್ಟೆಯಲ್ಲಿ ಉಗುರು ಸಿಕ್ಕುವಷ್ಟು ತಗ್ಗು ಬಿದ್ದಿರಬಾರದು. ಇಲ್ಲಿ ತಗ್ಗು ಬಿದ್ದರೆ ಮೆಟ್ಟಿಲಿನ ಮರ ಮೆದು.

ಆಮೇಲೆ ಪೂರ್ತಿ ಏಣಿ. ಎರಡು ಗಟ್ಟಿ ಮೇಜುಗಳ ಮೇಲೆ ಅಡ್ಡ ಮಲಗಿಸಿ, ಪ್ರತಿ ತುದಿಯಿಂದ 200 ಮಿಮೀ ಒಳಗೆ ಆಸರೆ ಬರಲಿ. ನಡುವೆ 2600 ಮಿಮೀ ಖಾಲಿ. ಹತ್ತುವ ಮುಖ ಮೇಲೆ, ಗೋಡೆ ಮುಖ ಕೆಳಗೆ. ಉಲ್ಟಾ ಇಟ್ಟರೆ ಪರೀಕ್ಷೆಯೇ ಬೇರೆಯಾಗುತ್ತದೆ. ನಡುವೆ ಎರಡೂ ಕಾಲಿನ ಮೇಲೆ ಒಂದು ಹಲಗೆ ಅಡ್ಡ ಇಟ್ಟು, ಅದರಿಂದ ಹಗ್ಗದಲ್ಲಿ ಇನ್ನೊಂದು ಹಲಗೆಯನ್ನು ಉಯ್ಯಾಲೆಯಂತೆ ತೂಗಿಬಿಡಿ, ನೆಲದಿಂದ ಒಂದು ಗೇಣಿಗಿಂತ ಜಾಸ್ತಿ ಎತ್ತರ ಬೇಡ. ಅದರ ಮೇಲೆ ನೂರು ಲೀಟರ್ ಹಿಡಿಯುವ ಟಬ್ಬು. ಒಳಗೆ ಪ್ರತಿ 20 ಲೀಟರಿಗೆ ಗುರುತು. ಇನ್ನು ಪೈಪಿನಿಂದ ನೀರು ಬಿಟ್ಟರಾಯಿತು. 20 ಲೀಟರ್ ಅಂದರೆ 20 ಕೆಜಿ. ಎತ್ತುವ ಕಷ್ಟ ಇಲ್ಲ, ಕುಕ್ಕಿದ ಪೆಟ್ಟೂ ಬೀಳುವುದಿಲ್ಲ. ನೀರು ಹೋಗುವಾಗ ಏಣಿಯ ಕೆಳಗೆ ಕೈ ಕಾಲು ಇಡಬೇಡಿ.

ಮೊದಲ ಸಲ 40 ಲೀಟರ್ ತುಂಬಿ, ಒಂದು ನಿಮಿಷ ಬಿಟ್ಟು, ಖಾಲಿ ಮಾಡಿ. ಸಂದುಗಳೆಲ್ಲ ತಮ್ಮ ಜಾಗಕ್ಕೆ ಕೂರಲಿ ಅಂತ. ಈಗ ನೆಲದಿಂದ ಎಡಗಾಲಿನ ಕೆಳಂಚಿಗೆ, ಬಲಗಾಲಿನ ಕೆಳಂಚಿಗೆ ಅಳೆದು ಬರೆದುಕೊಳ್ಳಿ. ಇದು ಸೊನ್ನೆ. ಆಮೇಲೆ 20, 40, 60, 80, 100. ಪ್ರತಿ ಗುರುತಿಗೂ ನಿಲ್ಲಿಸಿ, ಎರಡೂ ಕಡೆ ಅಳೆಯಿರಿ.

ನನ್ನ ಈಗಿನ ಏಣಿಯ ಲೆಕ್ಕ ಹೀಗೆ ಬಂತು: ಎಡಗಾಲು 4, 7, 11, 14, 18 ಮಿಮೀ ಇಳಿಯಿತು. ಬಲಗಾಲು 4, 7, 10, 14, 17. ಈ ಅಳತೆಯ ಪೈನ್ ಕಾಲಿಗೆ ನೂರು ಕೆಜಿಗೆ 15ರಿಂದ 20 ಮಿಮೀ ಸಹಜ. ಆದರೆ ನೋಡಬೇಕಾದ್ದು ಒಟ್ಟು ಎಷ್ಟು ಅನ್ನುವುದಕ್ಕಿಂತ, ಏರಿಕೆ ಸಮನಾಗಿದೆಯಾ ಅನ್ನುವುದನ್ನು. ಪ್ರತಿ 20 ಲೀಟರಿಗೆ ಮೂರೂವರೆ ಮಿಮೀ ಇಳಿಯುತ್ತಿದ್ದದ್ದು ಒಂದೇ ಸಲ ಏಳು ಇಳಿದರೆ ಎಲ್ಲೋ ಎಳೆ ಬಿಡುತ್ತಿದೆ. ನೀರು ಅಲ್ಲೇ ನಿಲ್ಲಿಸಿ. ಸಣ್ಣ ಕಿರುಗುಟ್ಟುವಿಕೆ ಮೆಟ್ಟಿಲು ಕೂರುವ ಸದ್ದು, ಹೆದರಬೇಡಿ. ಒಣ ಕಡ್ಡಿ ಮುರಿದಂಥ ಚಟ್ ಸದ್ದು ಬಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಎರಡು ಕಾಲಿನ ನಡುವಿನ ವ್ಯತ್ಯಾಸವೂ ಬಹಳ ಹೇಳುತ್ತದೆ. ಹಲಗೆ ಸೀಳಿ ಹಂಚುವ ಉಪಾಯ ತಿಳಿಯದ ಕಾಲದಲ್ಲಿ ಮಾಡಿದ ಏಣಿಯೊಂದು ಎಡಕ್ಕೆ 17, ಬಲಕ್ಕೆ 24 ಮಿಮೀ ಇಳಿದಿತ್ತು. ಮುರಿಯಲಿಲ್ಲ. ಆದರೆ ಹತ್ತಿದಾಗಲೆಲ್ಲ ಬಲಕ್ಕೆ ತಿರುಚಿಕೊಂಡು ಒಂದು ಕಾಲು ನೆಲ ಬಿಡುವಂತೆ ಆಗುತ್ತಿತ್ತು. ಬಲಗಾಲಿನ ಒಂದು ಪಟ್ಟಿಯ ಎಳೆ ಓರೆ ಇತ್ತು ಅಂತ ಆಮೇಲೆ ಸೂಜಿ ಎಳೆದಾಗ ಗೊತ್ತಾಯಿತು.

ನೂರು ಲೀಟರ್ ಆದ ಮೇಲೆ ಐದು ನಿಮಿಷ ಹಾಗೇ ಬಿಟ್ಟು, ಮತ್ತೆ ಅಳೆಯಿರಿ. ಒಂದು ಮಿಮೀ ಹೆಚ್ಚಿದರೆ ಸರಿ. ಇಳಿಯುತ್ತಲೇ ಹೋದರೆ ಸರಿಯಿಲ್ಲ. ನೀರು ಖಾಲಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸೊನ್ನೆಗೆ ವಾಪಸ್ ಬಂತಾ ನೋಡಿ. ಎರಡೂವರೆ ಮಿಮೀಗಿಂತ ಜಾಸ್ತಿ ಬಾಗು ಉಳಿದುಕೊಂಡರೆ ಆ ಏಣಿ ಹತ್ತಲು ಯೋಗ್ಯವಲ್ಲ.

ನೂರು ಕೆಜಿ ಕಡಿಮೆಯಾಯಿತು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. 75 ಡಿಗ್ರಿಯಲ್ಲಿ ಒರಗಿದ ಏಣಿಯ ನಡುವೆ ನೂರು ಕೆಜಿಯ ಮನುಷ್ಯ ನಿಂತರೆ ಏಣಿಯನ್ನು ಬಾಗಿಸುವ ಭಾಗ 26 ಕೆಜಿ ಮಾತ್ರ. ಮಲಗಿಸಿದಾಗ ಪೂರ್ತಿ ನೂರೂ ಬಾಗಿಸುತ್ತದೆ. ಅಂದರೆ ಪರೀಕ್ಷೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಕಠಿಣ. ಇನ್ನೂ ಹೆಚ್ಚು ಹಾಕಿ ಧೈರ್ಯ ತೋರಿಸಬೇಡಿ. ಜಾಸ್ತಿ ಒತ್ತಿದ ಮರದ ಮೇಲಂಚಿನಲ್ಲಿ ಎಳೆಗಳು ಕೂದಲೆಳೆಯಷ್ಟು ಸಣ್ಣ ಅಡ್ಡ ಸುಕ್ಕಾಗಿ ಮಡಚಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದೇ ಕಷ್ಟ, ಆದರೆ ಆ ಜಾಗ ಮತ್ತೆಂದೂ ಮೊದಲಿನಂತಾಗುವುದಿಲ್ಲ. ಪರೀಕ್ಷೆಯೇ ಏಣಿಯನ್ನು ಕೆಡಿಸಿದಂತಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಮೇಲಂಚಿಗೆ ಟಾರ್ಚನ್ನು ಓರೆಯಾಗಿ ಹಿಡಿದು ಇಂಥ ಸುಕ್ಕು ಹುಡುಕಿ.

ಕೊನೆಯದು ಹತ್ತೂ ಮೆಟ್ಟಿಲು. ಕೆಳಗೆ ಗೋಡೆಯಿಲ್ಲದ ಗಟ್ಟಿ ತೊಲೆಗೆ ಏಣಿಯನ್ನು 75 ಡಿಗ್ರಿಗೆ ಒರಗಿಸಿ, ತುದಿಯನ್ನು ಕಟ್ಟಿ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಆಚೆ ಇದ್ದರೆ ಹೆಚ್ಚುಕಡಿಮೆ ಅದೇ ಕೋನ. ಮೆಟ್ಟಿಲಿಗೆ ಹಗ್ಗ ಹಾಕಿ, ಕೆಳಗೆ ಸಣ್ಣ ಹಲಗೆ ಕಟ್ಟಿ, ಅದನ್ನು ಇಟ್ಟಿಗೆಗಳ ಮೇಲೆ ಕೂರಿಸಿ, 50 ಕೆಜಿಯ ಎರಡು ಮರಳು ಚೀಲ ಹೇರಿ. ಹಗ್ಗ ಬಿಗಿ ಮಾಡಿ, ಇಟ್ಟಿಗೆಗಳನ್ನು ಉದ್ದನೆಯ ಕೋಲಿನಿಂದ ತಳ್ಳಿ. ಹಗ್ಗ ಮೆಟ್ಟಿಲಿನ ನಡುವೆ ಒಮ್ಮೆ, ಎಡಗಾಲಿಗೆ ತಾಗಿಕೊಂಡು ಒಮ್ಮೆ, ಬಲಗಾಲಿಗೆ ತಾಗಿಕೊಂಡು ಒಮ್ಮೆ. ನಡುವೆ ಹಾಕಿದರೆ ಮೆಟ್ಟಿಲಿನ ಬಲ ಗೊತ್ತಾಗುತ್ತದೆ, ತುದಿಗೆ ಹಾಕಿದರೆ ಕಚ್ಚಿನದು. ಪ್ರತಿ ಸಲ ಮೊದಲೇ ಸಂದಿನ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆಯನ್ನು ಮೆಟ್ಟಿಲಿಂದ ಕಾಲಿಗೆ ದಾಟಿಸಿ ಎಳೆದಿಡಿ. ಭಾರ ತೆಗೆದ ಮೇಲೆ ಗೆರೆ ಎರಡು ತುಂಡಾಗಿ ಕಂಡರೆ ಮೆಟ್ಟಿಲು ಸರಿದಿದೆ.

ಪರೀಕ್ಷೆಯ ತಾರೀಖು, ಎಡ ಬಲದ ಅಂಕಿಗಳನ್ನು ಕಾಲಿನ ಒಳಮುಖದಲ್ಲಿ ಪೆನ್ಸಿಲಿನಿಂದ ಬರೆದಿಡಿ. ವರ್ಷಕ್ಕೊಮ್ಮೆ, ಮತ್ತೆ ಏಣಿ ಎಲ್ಲಾದರೂ ಬಿದ್ದರೆ, ಅದೇ ಮೇಜು ಅದೇ ಟಬ್ಬು ಇಟ್ಟು ಅಳೆಯಿರಿ. ನನ್ನ ಏಣಿಯಲ್ಲಿ ಮೊದಲ ವರ್ಷ 18, ಎರಡನೇ ವರ್ಷ 18. ಮೂರನೇ ವರ್ಷ ಮಳೆಗಾಲ ಮುಗಿದ ವಾರವೇ ಅಳೆದೆ, 20 ಬಂತು. ಎದೆ ಧಸಕ್ ಅಂದಿತು. ಒದ್ದೆ ಮರ ಜಾಸ್ತಿ ಬಾಗುತ್ತದೆ ಅಲ್ವಾ ಅಂತ ನೆನಪಾಗಿ, ಒಂದು ತಿಂಗಳು ನೆರಳಲ್ಲಿ ಒಣಗಿಸಿ ಮತ್ತೆ ಟಬ್ಬು ತೂಗಿಬಿಟ್ಟೆ. 18.